ಪೆನ್ ಇಲ್ಲಿ, ಗೆರೆ ಅಲ್ಲಿ

ಲ್ಯಾಪ್‌ಟಾಪಿಗೆ ಪೆನ್ ಡಿಸ್‌ಪ್ಲೇ ಜೋಡಿಸಿ ಚಿತ್ರ ಬರೆಯಲು ಕೂತವರಲ್ಲಿ ಅನೇಕರಿಗೆ ಈ ತೊಂದರೆ ಎದುರಾಗುತ್ತದೆ: ಮೊನೆ ಊರಿದ್ದು ಒಂದು ಕಡೆ, ಗೆರೆ ಮೂಡಿದ್ದು ಇನ್ನೊಂದು ಕಡೆ. ಸಾಧನವೇ ಕೆಟ್ಟಿದೆ ಎಂದು ಅಂಗಡಿಗೆ ಹೊರಡಬೇಡಿ. ಪೆನ್ನನ್ನು ನಾಲ್ಕು ಮೂಲೆಗೂ ನಡುವಿಗೂ ಮುಟ್ಟಿಸಿ, ಕರ್ಸರ್ ಎಲ್ಲೆಲ್ಲಿ ಎಷ್ಟು ಸರಿದಿದೆ ಎಂದು ನೋಡಿ. ಆ ಅಂತರವೇ ಕಾರಣ ಹೇಳುತ್ತದೆ.

ಎರಡು ಪರದೆಗಳಿದ್ದಾಗ ಕಂಪ್ಯೂಟರ್ ಅವನ್ನು ಅಂಟಿಸಿದ ಒಂದೇ ಉದ್ದನೆಯ ಹಾಳೆಯಂತೆ ಎಣಿಸುತ್ತದೆ. ಎಡಕ್ಕೆ 1366×768ರ ಲ್ಯಾಪ್‌ಟಾಪ್, ಬಲಕ್ಕೆ 1920×1080ರ ಪೆನ್ ಡಿಸ್‌ಪ್ಲೇ ಇದೆ ಎನ್ನಿ. ಒಟ್ಟು ಅಗಲ 3286 ಪಿಕ್ಸೆಲ್. ಪೆನ್ನು ಯಾವ ಪರದೆಗೆ ಸೇರಿದ್ದೆಂದು ಹೇಳದಿದ್ದರೆ, ಅದರ ಓಡಾಟ ಇಡೀ 3286ರ ಮೇಲೆ ಹರಡಿಕೊಳ್ಳುತ್ತದೆ. ಡಿಸ್‌ಪ್ಲೇಯ ನಟ್ಟನಡುವೆ ಮುಟ್ಟಿದರೆ ಕರ್ಸರ್ 1643ಕ್ಕೆ ಹೋಗುತ್ತದೆ, ಹೋಗಬೇಕಾದದ್ದು 2326ಕ್ಕೆ. ಬಲ ಅಂಚಿನಲ್ಲಿ ಎಲ್ಲವೂ ಸರಿ, ಎಡಕ್ಕೆ ಬಂದಷ್ಟೂ ಅಂತರ ದೊಡ್ಡದು. ಹೀಗೆ ಬೆಳೆಯುತ್ತಾ ಹೋಗುವ ಅಂತರ ಕಂಡರೆ ದೋಷ ಮ್ಯಾಪಿಂಗ್‌ನದೇ.

ವಿಂಡೋಸ್, ಮ್ಯಾಕ್‌ಗಳಲ್ಲಿ ಸಾಧನದ ಡ್ರೈವರ್ ತೆರೆದು, ಪೆನ್ನಿಗೆ ಆ ಒಂದು ಪರದೆಯನ್ನಷ್ಟೇ ಆರಿಸಿದರೆ ಮುಗಿಯಿತು. ಲಿನಕ್ಸ್‌ನ X11ನಲ್ಲಿ ಮೊದಲು ಪೆನ್ನನ್ನು ಒಮ್ಮೆ ಪರದೆಗೆ ತಾಗಿಸಿ. ಎಷ್ಟೋ ಬಾರಿ ಅಲ್ಲಿಯವರೆಗೆ ಅದರ ಹೆಸರು ಪಟ್ಟಿಗೇ ಬರುವುದಿಲ್ಲ. ಆಮೇಲೆ:

```
xinput list
xrandr
xinput map-to-output 14 HDMI-1
```

ಮೊದಲ ಆಜ್ಞೆ ಪೆನ್ನಿನ ಸಂಖ್ಯೆಯನ್ನೂ ಎರಡನೆಯದು ಪರದೆಯ ಹೆಸರನ್ನೂ ತೋರಿಸುತ್ತದೆ. 14, HDMI-1 ಇರುವಲ್ಲಿ ನಿಮ್ಮಲ್ಲಿ ಕಂಡದ್ದನ್ನು ಹಾಕಿ. ಒಳಗೆ ನಡೆಯುವ ಲೆಕ್ಕ ಸರಳ: ಪೆನ್ನಿನ ಅಡ್ಡ ಅಳತೆಯನ್ನು 0.5843ರಿಂದ (1920/3286) ಗುಣಿಸಿ, 0.4157 (1366/3286) ಕೂಡುತ್ತದೆ. ನಡುವಿನ ಬಿಂದು ಈಗ 2326ಕ್ಕೇ ಬೀಳುತ್ತದೆ.

ಇಷ್ಟಾದ ಮೇಲೂ ಎಲ್ಲ ಕಡೆ ಒಂದೇ ಸಮ ಒಂದೆರಡು ಮಿಲಿಮೀಟರ್ ಸರಿದಿದ್ದರೆ ಅದು ಕ್ಯಾಲಿಬ್ರೇಷನ್‌ನ ಕೆಲಸ. ಮೊನೆಗೂ ಚಿತ್ರಕ್ಕೂ ನಡುವೆ ಗಾಜಿನ ದಪ್ಪ ಇರುವುದರಿಂದ, ತಲೆ ಸರಿದರೆ ಗೆರೆಯೂ ಸರಿದಂತೆ ಕಾಣುತ್ತದೆ. ಆದ್ದರಿಂದ ಬರೆಯುವಾಗ ಕೂರುವ ಭಂಗಿಯಲ್ಲೇ ಕೂತು, ಡ್ರೈವರ್ ತೋರಿಸುವ ಗುರುತುಗಳನ್ನು ಮುಟ್ಟಿ. ಅಂಚುಗಳಲ್ಲಿ ಮಾತ್ರ ತುಸು ಉಳಿಯುವ ಓರೆ ಹಲವು ಸಾಧನಗಳ ಮಿತಿ. ಅದನ್ನು ಪೂರ್ತಿ ಅಳಿಸಲಾಗದು.

ಲಿನಕ್ಸ್‌ನಲ್ಲಿ ಕೊಟ್ಟ ಆಜ್ಞೆ ಕಂಪ್ಯೂಟರ್ ಆರಿಸಿದರೆ ಅಥವಾ ಕೇಬಲ್ ಕಿತ್ತರೆ ಉಳಿಯುವುದಿಲ್ಲ. ಪರದೆಗಳ ಜಾಗ ಬದಲಿಸಿದರೂ ಲೆಕ್ಕ ತಪ್ಪುತ್ತದೆ. ಆಗೆಲ್ಲ ಮತ್ತೆ ಕೊಡಬೇಕು.