ಜರ್ಮನಿಗೆ ಹೊರಟ ನರ್ಸ್‌ಳ ಲಸಿಕೆ ಕಾರ್ಡು

ಜರ್ಮನಿಯ ಆಸ್ಪತ್ರೆಯಲ್ಲಿ ಕೆಲಸ ಮಾಡಲು ಹೊರಡುವ ನರ್ಸ್‌ಳ ಕಡತದಲ್ಲಿ ಪದವಿ ಪತ್ರ, ಅಂಕಪಟ್ಟಿ, ನರ್ಸಿಂಗ್ ಕೌನ್ಸಿಲ್ ನೋಂದಣಿ ಇವುಗಳ ಜೊತೆಗೆ ಆರೋಗ್ಯಕ್ಕೆ ಸಂಬಂಧಿಸಿದ ಎರಡು ಕಾಗದಗಳೂ ಇರಬೇಕಾಗುತ್ತದೆ. ಒಂದು, ಆಕೆಗೆ ಯಾವ ಲಸಿಕೆಗಳು ಯಾವಾಗ ಬಿದ್ದಿವೆ ಎಂಬ ದಾಖಲೆ. ಇನ್ನೊಂದು, ಆಕೆಯ ದೇಹಸ್ಥಿತಿ ಈ ವೃತ್ತಿಗೆ ತಕ್ಕದ್ದಾಗಿದೆ ಎಂದು ವೈದ್ಯರು ಬರೆದುಕೊಟ್ಟ ಪತ್ರ. ಎರಡನೆಯದನ್ನು ಕೇಳುವುದು ವೃತ್ತಿ ಪರವಾನಗಿ ಕೊಡುವ ಆಯಾ ರಾಜ್ಯದ ಕಚೇರಿ. ಆ ಪರವಾನಗಿ ಇಲ್ಲದೆ ನೋಂದಾಯಿತ ನರ್ಸ್ ಆಗಿ ದುಡಿಯಲು ಆಗದು. ಮೊದಲನೆಯದನ್ನು ಕೇಳುವುದು ಕೆಲಸ ಕೊಡುವ ಆಸ್ಪತ್ರೆ. 2020ರ ಮಾರ್ಚ್ 1ರಿಂದ ಜಾರಿಯಲ್ಲಿರುವ ದಡಾರ ತಡೆ ಕಾನೂನಿನ ಪ್ರಕಾರ, 1970ರ ನಂತರ ಹುಟ್ಟಿದವರು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರುವ ಮೊದಲು ತಮಗೆ ದಡಾರದಿಂದ ರಕ್ಷಣೆ ಇದೆ ಎಂಬುದಕ್ಕೆ ಆಧಾರ ತೋರಿಸಬೇಕು.

ಜರ್ಮನಿಯ ಕಚೇರಿಗಳು ಸಾಮಾನ್ಯವಾಗಿ ಕೇಳುವುದು ಪ್ರಮಾಣೀಕೃತ ಅನುವಾದವನ್ನು, ಅಂದರೆ ನ್ಯಾಯಾಲಯದ ಮುಂದೆ ಪ್ರಮಾಣ ಸ್ವೀಕರಿಸಿದ ಅನುವಾದಕರು ಮಾಡಿ, ಮುದ್ರೆ ಒತ್ತಿ, ಮೂಲದ ಪ್ರತಿಯ ಜೊತೆ ಬಿಗಿದು ಕೊಟ್ಟ ಅನುವಾದವನ್ನು. ಇಂಥವರ ಪಟ್ಟಿ justiz-dolmetscher.de ಎಂಬ ಸರ್ಕಾರಿ ತಾಣದಲ್ಲಿ ಸಿಗುತ್ತದೆ. ಇಂಗ್ಲಿಷಿನಿಂದ ಜರ್ಮನ್‌ಗೆ ಅನುವಾದಿಸುವವರು ಅಲ್ಲಿ ಬೇಕಾದಷ್ಟಿದ್ದಾರೆ, ಕನ್ನಡದಿಂದ ಅನುವಾದಿಸುವವರು ಬಲು ವಿರಳ. ಹಾಗಾಗಿ ಕನ್ನಡದಲ್ಲಿರುವ ಕಾಗದ ಹೆಚ್ಚಾಗಿ ಎರಡು ಹಂತ ದಾಟಿ ಹೋಗುತ್ತದೆ: ಮೊದಲು ಕನ್ನಡದಿಂದ ಇಂಗ್ಲಿಷಿಗೆ, ಅಲ್ಲಿಂದ ಜರ್ಮನ್‌ಗೆ. ಎರಡನೆಯ ಅನುವಾದಕ ಮೂಲವನ್ನು ಓದಲಾರ; ಮೊದಲನೆಯವರು ಎಡವಿದ್ದರೆ ಆ ತಪ್ಪಿನ ಮೇಲೆ ಪ್ರಮಾಣ ಮಾಡಿದ ಮುದ್ರೆ ಬಿದ್ದುಬಿಡುತ್ತದೆ. ಹೀಗೆ ಎರಡು ಹಂತದ ಅನುವಾದ ನಡೆಯುತ್ತದೆಯೇ ಎಂದು ಆಯಾ ಕಚೇರಿಯನ್ನು ಮುಂಚಿತವಾಗಿ, ಬರವಣಿಗೆಯಲ್ಲೇ ಕೇಳಿಕೊಳ್ಳುವುದು ಒಳ್ಳೆಯದು.

ತೊಡಕು ಹೆಚ್ಚಿರುವುದು ಲಸಿಕೆ ಕಾರ್ಡಿನಲ್ಲಿ. ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ 1996ರ ಮಾರ್ಚ್ 12ರಂದು ಹುಟ್ಟಿದ ನರ್ಸ್ ಒಬ್ಬಳನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಆಕೆಯ ಮನೆಯ ಟ್ರಂಕಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದವರು ಕೊಟ್ಟಿದ್ದ ಕಾರ್ಡು ಉಳಿದಿದೆ. ಅದರಲ್ಲಿ ಆಕೆಯ ಹೆಸರೇ ಇಲ್ಲ. ಮೊದಲ ಲಸಿಕೆ ಬೀಳುವ ಹೊತ್ತಿಗೆ ನಾಮಕರಣ ಆಗಿರಲಿಲ್ಲವಾದ್ದರಿಂದ, ಹೆಸರಿನ ಜಾಗದಲ್ಲಿ ‘ಶಾಂತವ್ವನ ಮಗು’ ಎಂದಷ್ಟೇ ಬರೆದಿದ್ದಾರೆ. ಕರ್ನಾಟಕದ ಆರೋಗ್ಯ ಕೇಂದ್ರಗಳಲ್ಲಿ ಇದು ತೀರಾ ಸಹಜ. ಇಲ್ಲಿ ಅನುವಾದಕರಿಗೆ ಒಂದು ಆಸೆ ಹುಟ್ಟುತ್ತದೆ, ಪಾಸ್‌ಪೋರ್ಟಿನಲ್ಲಿರುವ ಹೆಸರನ್ನು ಆ ಜಾಗದಲ್ಲಿ ತುಂಬಿಬಿಡೋಣ ಎಂದು. ಅದು ಅನುವಾದವಲ್ಲ, ದಾಖಲೆಯ ತಿದ್ದುಪಡಿ. ಮಾಡಬೇಕಾದದ್ದು ‘ಶಾಂತವ್ವನ ಮಗು’ ಎಂಬುದನ್ನು ಇದ್ದ ಹಾಗೆಯೇ ಅನುವಾದಿಸುವುದು. ಆ ಮಗು ಈಕೆಯೇ ಎಂದು ತೋರಿಸುವ ಹೊಣೆ ಜನನ ಪ್ರಮಾಣಪತ್ರದ್ದು: ತಾಯಿಯ ಹೆಸರು, ಹುಟ್ಟಿದ ದಿನ, ಊರು ಎರಡರಲ್ಲೂ ಹೊಂದಿದರೆ ಕೊಂಡಿ ಸಿಗುತ್ತದೆ. ಆದ್ದರಿಂದ ಈ ಎರಡೂ ಕಾಗದಗಳು ಒಬ್ಬರೇ ಅನುವಾದಕರ ಕೈಯಲ್ಲಿ ಆಗಬೇಕು. ತಾಯಿಯ ಹೆಸರು ಒಂದರಲ್ಲಿ ಒಂದು ಕಾಗುಣಿತ, ಇನ್ನೊಂದರಲ್ಲಿ ಮತ್ತೊಂದು ಆದರೆ ಜರ್ಮನ್ ಗುಮಾಸ್ತೆಗೆ ಅವರು ಇಬ್ಬರು ಹೆಂಗಸರು.

ಮುಂದಿನದು ದಿನಾಂಕ. ಕಾರ್ಡಿನಲ್ಲಿ ದಡಾರದ ಎದುರು ಕನ್ನಡ ಅಂಕಿಗಳಲ್ಲಿ ‘೧೯/೧೨/೯೬’ ಎಂದಿದೆ. ಅವಸರದ ಕೈಬರಹದಲ್ಲಿ ೬ ಮತ್ತು ೯ ಒಂದನ್ನೊಂದು ಹೋಲುತ್ತವೆ. ಕೊನೆಯ ಅಂಕಿಯನ್ನು ೯ ಎಂದು ಓದಿಬಿಟ್ಟರೆ 1999 ಆಗುತ್ತದೆ, ಮಗು ಒಂಬತ್ತು ತಿಂಗಳ ಬದಲು ಮೂರೂಮುಕ್ಕಾಲು ವರ್ಷಕ್ಕೆ ಲಸಿಕೆ ಪಡೆದಂತಾಗುತ್ತದೆ. ಸರಿಯಾದ ಓದು ಯಾವುದು ಎಂದು ಕಾರ್ಡಿನಿಂದಲೇ ಕಂಡುಕೊಳ್ಳಬಹುದು. ಅದೇ ದಿನಾಂಕದ ‘೧೯’ರಲ್ಲಿ ಅದೇ ಕೈ ಬರೆದ ಒಂದು ೯ ಇದೆ, ಅದರ ಪಕ್ಕಕ್ಕೆ ಇಟ್ಟು ನೋಡಿದರೆ ಕೊನೆಯ ಅಂಕಿಯ ತಿರುವು ಬೇರೆ. ವಯಸ್ಸಿನ ಲೆಕ್ಕವೂ ಒಪ್ಪುತ್ತದೆ: ರಾಷ್ಟ್ರೀಯ ಕಾರ್ಯಕ್ರಮದಲ್ಲಿ ದಡಾರದ ಲಸಿಕೆ ಕೊಡುತ್ತಿದ್ದದ್ದು ಒಂಬತ್ತು ತಿಂಗಳು ತುಂಬಿದ ಮೇಲೆ, 1996ರ ಡಿಸೆಂಬರ್ 19ಕ್ಕೆ ಮಗುವಿಗೆ ಒಂಬತ್ತು ತಿಂಗಳು ತುಂಬಿ ಒಂದು ವಾರ. ಇನ್ನೂ ಒಂದು ಸುಳಿವಿದೆ. ಕರ್ನಾಟಕದ ಆರೋಗ್ಯ ಕೇಂದ್ರಗಳಲ್ಲಿ ಗುರುವಾರ ಲಸಿಕೆಯ ದಿನ. 1996ರ ಡಿಸೆಂಬರ್ 19 ಗುರುವಾರ. 1999ರ ಡಿಸೆಂಬರ್ 19 ಭಾನುವಾರ. ಇಷ್ಟು ಪರಿಶೀಲಿಸಿದ ಮೇಲೂ ಅಂಕಿ ಮಸುಕಾಗಿದ್ದರೆ, ಅನುವಾದದಲ್ಲಿ 1996 ಎಂದು ಬರೆದು, ಕೊನೆಯ ಅಂಕಿ ಸ್ಪಷ್ಟವಿಲ್ಲ ಎಂಬ ಟಿಪ್ಪಣಿಯನ್ನು ಚೌಕ ಕಂಸದಲ್ಲಿ ಸೇರಿಸಬೇಕು. ಅಂಥ ಟಿಪ್ಪಣಿಯಿಂದ ಅರ್ಜಿ ಹಾಳಾಗುವುದಿಲ್ಲ. ಮೂಲದಲ್ಲಿ ಮಸುಕಾಗಿರುವುದು ಅನುವಾದದಲ್ಲಿ ಖಚಿತವಾಗಿ ಕಂಡಾಗಲೇ ಸಂಶಯ ಏಳುವುದು.

ರೋಗದ ಹೆಸರುಗಳಲ್ಲಿ ಬೇರೊಂದು ಬಗೆಯ ಅಪಾಯ. ಉತ್ತರ ಕರ್ನಾಟಕದಲ್ಲಿ ದಡಾರಕ್ಕೆ ಗೊಬ್ಬರ ಎನ್ನುವುದುಂಟು. ಹಳೆಯ ಕೈಬರಹದಲ್ಲಿ ಆ ಮಾತು ಕಂಡರೆ ಬೆಂಗಳೂರಿನ ಅನುವಾದಕರೇ ತಬ್ಬಿಬ್ಬಾಗಬಹುದು. ಸಿಡುಬು ಬೇರೆ, ಸೀತಾಳೆ ಸಿಡುಬು ಬೇರೆ. ಮೊದಲನೆಯದು ಜಗತ್ತಿನಿಂದಲೇ ಅಳಿದುಹೋದ ರೋಗ, ಎರಡನೆಯದರ ಲಸಿಕೆಯ ಬಗ್ಗೆ ಜರ್ಮನ್ ಆಸ್ಪತ್ರೆಗಳು ಈಗಲೂ ವಿಚಾರಿಸುತ್ತವೆ. ಇಂಗ್ಲಿಷ್ ಹಂತದಲ್ಲಿ ಇನ್ನೊಂದು ಗುಂಡಿ ಇದೆ. ರುಬೆಲ್ಲಾ ರೋಗಕ್ಕೆ ಇಂಗ್ಲಿಷಿನಲ್ಲಿ ‘ಜರ್ಮನ್ ಮೀಸಲ್ಸ್’ ಎಂಬ ಹೆಸರೂ ಇದೆ. ಅದನ್ನು ದಡಾರ ಎಂದುಕೊಂಡು ಜರ್ಮನ್‌ನಲ್ಲಿ ಬರೆದುಬಿಟ್ಟರೆ, ಬೀಳದೇ ಇದ್ದ ದಡಾರದ ಲಸಿಕೆ ಬಿದ್ದಂತೆ ದಾಖಲಾಗುತ್ತದೆ. ಲಸಿಕೆಯ ವ್ಯಾಪಾರಿ ಹೆಸರಿದ್ದರೆ, ಉದಾಹರಣೆಗೆ ಟ್ರೆಸಿವ್ಯಾಕ್ ಎಂದಿದ್ದರೆ, ಆ ಹೆಸರನ್ನೂ ಬ್ಯಾಚ್ ಸಂಖ್ಯೆಯನ್ನೂ ಮೂಲದಂತೆಯೇ ಉಳಿಸಬೇಕು. ಅದು ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿ ಕೊಡುವ ಲಸಿಕೆ ಎಂಬ ವಿವರಣೆ ಟಿಪ್ಪಣಿಯಲ್ಲಿ ಬರಬಹುದು, ಲಸಿಕೆಯ ಹೆಸರಿನ ಸ್ಥಾನದಲ್ಲಿ ಬರಬಾರದು.

ಎಲ್ಲವನ್ನೂ ಸರಿಯಾಗಿ ಅನುವಾದಿಸಿದ ಮೇಲೂ ಹಾವೇರಿಯ ನರ್ಸ್‌ಗೆ ಒಂದು ಕೊರತೆ ಉಳಿಯುತ್ತದೆ. ಜರ್ಮನ್ ಕಾನೂನು ದೊಡ್ಡವರಿಗೆ ದಡಾರದ ಎರಡು ಡೋಸ್ ಕೇಳುತ್ತದೆ. ಭಾರತದ ಕಾರ್ಯಕ್ರಮಕ್ಕೆ ಎರಡನೆಯ ಡೋಸ್ ಸೇರಿದ್ದು 2010ರಿಂದ ಈಚೆಗೆ. ಆಕೆಯ ಕಾರ್ಡಿನಲ್ಲಿ ಇರುವುದು ಒಂದೇ. ಇದನ್ನು ಅನುವಾದದಿಂದ ಸರಿಪಡಿಸಲು ಬರುವುದಿಲ್ಲ, ವೈದ್ಯರ ಬಳಿಯೇ ಹೋಗಬೇಕು: ಉಳಿದ ಡೋಸ್ ಹಾಕಿಸಿಕೊಂಡು ಇಂಗ್ಲಿಷಿನಲ್ಲಿ ದಾಖಲೆ ಪಡೆಯುವುದು, ಇಲ್ಲವೇ ರಕ್ತಪರೀಕ್ಷೆಯಲ್ಲಿ ದಡಾರದ ಪ್ರತಿಕಾಯಗಳು ಕಂಡರೆ ರೋಗನಿರೋಧಕತೆ ಇದೆ ಎಂದು ವೈದ್ಯರಿಂದ ಬರೆಸಿಕೊಳ್ಳುವುದು. ಕಾರ್ಡು ಕಳೆದುಹೋದವರಿಗೂ ಇದೇ ದಾರಿ. ಕಾರ್ಡು ಹರಿದು, ಅರ್ಧಕ್ಕರ್ಧ ಓದಲಾಗದಂತಿದ್ದರೆ ಅದರ ಅನುವಾದಕ್ಕೆ ಹಣ ಸುರಿಯುವ ಮೊದಲೇ ಈ ದಾರಿಯನ್ನು ಯೋಚಿಸುವುದು ಜಾಣತನ.

ರಕ್ತಪರೀಕ್ಷೆಯ ವರದಿಗಳು ಇಂಗ್ಲಿಷಿನಲ್ಲೇ ಇರುವುದರಿಂದ ಸುಲಭ ಎನಿಸುತ್ತವೆ. ಆದರೆ ಹೆಪಟೈಟಿಸ್ ಬಿ ವಿಷಯದಲ್ಲಿ ಒಂದೆರಡು ಅಕ್ಷರಗಳ ವ್ಯತ್ಯಾಸ ಒಬ್ಬಳ ಉದ್ಯೋಗವನ್ನೇ ತಡೆಯಬಲ್ಲದು. ‘ಎಚ್‌ಬಿಎಸ್‌ಎಜಿ ಪಾಸಿಟಿವ್’ ಎಂದರೆ ವೈರಸ್ ದೇಹದಲ್ಲಿದೆ ಎಂದರ್ಥ. ‘ಆಂಟಿ-ಎಚ್‌ಬಿಎಸ್ ಪಾಸಿಟಿವ್’ ಎಂದರೆ ಅದರ ವಿರುದ್ಧ ರಕ್ಷಣೆ ಇದೆ ಎಂದರ್ಥ. ಒಂದು ಆತಂಕದ ಸುದ್ದಿ, ಇನ್ನೊಂದು ಶುಭ ಸುದ್ದಿ. ಅಳತೆಯ ಮಾನವನ್ನೂ ಮೂಲದಲ್ಲಿದ್ದಂತೆಯೇ ಬಿಡಬೇಕು. ಭಾರತದ ಪ್ರಯೋಗಾಲಯಗಳು ಪ್ರತಿ ಮಿಲಿಲೀಟರಿಗೆ ಮಿಲಿ ಅಂತರರಾಷ್ಟ್ರೀಯ ಘಟಕಗಳಲ್ಲಿ ಬರೆಯುತ್ತವೆ, ಜರ್ಮನ್ ವೈದ್ಯರು ಪ್ರತಿ ಲೀಟರಿಗೆ ಘಟಕಗಳಲ್ಲಿ ಓದುತ್ತಾರೆ. ಎರಡರ ಸಂಖ್ಯೆ ಒಂದೇ: ಅಲ್ಲಿ 140 ಇದ್ದರೆ ಇಲ್ಲೂ 140. ಪರಿವರ್ತಿಸಲು ಹೋಗಿ ಸಾವಿರದಿಂದ ಗುಣಿಸುವವರೋ ಭಾಗಿಸುವವರೋ ಇಲ್ಲದ ಗೊಂದಲ ಹುಟ್ಟಿಸುತ್ತಾರೆ. ಆಸ್ಪತ್ರೆಯ ಸಿಬ್ಬಂದಿಗೆ ಜರ್ಮನಿಯಲ್ಲಿ ನಿರೀಕ್ಷಿಸುವ ಮಟ್ಟ 100 ಆದ್ದರಿಂದ ಈ ಸಂಖ್ಯೆಯ ಮೇಲೆಯೇ ಅಲ್ಲಿನವರ ಕಣ್ಣು ಮೊದಲು ಬೀಳುತ್ತದೆ.

ಇನ್ನು ವೈದ್ಯಕೀಯ ಫಿಟ್‌ನೆಸ್ ಪತ್ರ. ಭಾರತದಲ್ಲಿ ಬಳಕೆಯಲ್ಲಿರುವ ಹಳೆಯ ಸರ್ಕಾರಿ ನಮೂನೆಯ ವಾಕ್ಯ ಸುತ್ತುಬಳಸಿನದು: ಅಭ್ಯರ್ಥಿಯನ್ನು ಪರೀಕ್ಷಿಸಲಾಗಿದೆ, ಇಂಥದ್ದನ್ನು ‘ಹೊರತುಪಡಿಸಿ’ ಯಾವ ರೋಗವೂ ದೌರ್ಬಲ್ಯವೂ ಕಂಡುಬಂದಿಲ್ಲ, ಅದು ಇಂಥ ಕಚೇರಿಯ ಕೆಲಸಕ್ಕೆ ಅನರ್ಹತೆ ಎಂದು ಭಾವಿಸುವುದಿಲ್ಲ ಎಂಬ ಧಾಟಿ. ‘ಹೊರತುಪಡಿಸಿ’ಯ ಮುಂದಿನ ಜಾಗವನ್ನು ವೈದ್ಯರು ಸಾಮಾನ್ಯವಾಗಿ ಖಾಲಿ ಬಿಡುತ್ತಾರೆ. ಅನುವಾದದಲ್ಲಿ ಆ ಖಾಲಿ ಜಾಗ ಖಾಲಿಯಾಗಿಯೇ ಕಾಣುತ್ತದೆ. ಏನೋ ಬರೆಯಬೇಕಿತ್ತು, ಬರೆದಿಲ್ಲ ಎಂಬ ಅನುಮಾನ ಓದುವವರಿಗೆ ಬರುತ್ತದೆ. ‘ಯಾವುದೂ ಇಲ್ಲ’ ಎಂದು ವೈದ್ಯರೇ ತುಂಬಿದರೆ ಮುಗಿಯಿತು, ಅನುವಾದಕರು ತುಂಬುವಂತಿಲ್ಲ.

2020ರಿಂದ ಜಾರಿಗೆ ಬಂದ ಜರ್ಮನಿಯ ಶುಶ್ರೂಷಾ ವೃತ್ತಿ ಕಾನೂನಿನ ಷರತ್ತು, ಅರ್ಜಿದಾರರು ಆರೋಗ್ಯದ ದೃಷ್ಟಿಯಿಂದ ಈ ವೃತ್ತಿ ನಡೆಸಲು ಅನರ್ಹರಾಗಿರಬಾರದು ಎಂಬುದು. ‘ಆರೋಗ್ಯವಾಗಿದ್ದಾರೆ’ ಅಥವಾ ‘ಪ್ರಯಾಣಕ್ಕೆ ಯೋಗ್ಯರು’ ಎಂಬ ಪತ್ರ ಈ ಪ್ರಶ್ನೆಗೆ ಉತ್ತರವಾಗುವುದಿಲ್ಲ, ಅದರಲ್ಲಿ ವೃತ್ತಿಯ ಮಾತೇ ಇಲ್ಲ. ಅನುವಾದಕರು ಕಾನೂನಿನ ಭಾಷೆಗೆ ಹೊಂದುವಂತೆ ಅದನ್ನು ಹಿಗ್ಗಿಸಿದರೆ ಅದು ಸುಳ್ಳು ಪ್ರಮಾಣ. ಆದ್ದರಿಂದ ಪರೀಕ್ಷೆಗೆ ಹೋಗುವಾಗಲೇ ಬೇಕಾದ ವಾಕ್ಯವನ್ನು ವೈದ್ಯರಿಗೆ ತೋರಿಸಿ, ನರ್ಸ್ ಕೆಲಸದ ಹೆಸರು ಹೇಳಿ ಬರೆಸಿಕೊಳ್ಳಬೇಕು. ಎಷ್ಟೋ ರಾಜ್ಯಗಳ ಕಚೇರಿಗಳು ತಮ್ಮದೇ ನಮೂನೆಯನ್ನು ಕೊಡುತ್ತವೆ, ಅದನ್ನು ತುಂಬಿಸಿಕೊಂಡರೆ ಅನುವಾದದ ಅರ್ಧ ಕೆಲಸವೇ ತಪ್ಪುತ್ತದೆ.

ವೈದ್ಯರ ಸಂಕ್ಷೇಪಗಳಿಗೂ ಗಮನ ಬೇಕು. ‘ಎನ್‌ಎಡಿ’ ಎಂದರೆ ಅಸಹಜವಾದದ್ದೇನೂ ಕಂಡಿಲ್ಲ ಎಂದು ಭಾರತದ ವೈದ್ಯರಿಗೆಲ್ಲ ಗೊತ್ತು, ಜರ್ಮನಿಯ ಗುಮಾಸ್ತೆಗೆ ಅದು ಮೂರು ಅಕ್ಷರ ಮಾತ್ರ, ಬಿಡಿಸಿಯೇ ಬರೆಯಬೇಕು. ವೈದ್ಯರ ಎಂಬಿಬಿಎಸ್ ಪದವಿಯನ್ನು ಇದ್ದಂತೆಯೇ ಉಳಿಸಬೇಕು. ಹೆಸರಿನ ಹಿಂದಿನ ‘ಡಾ.’ ಎಂಬುದನ್ನು ಜರ್ಮನ್‌ನ ‘ಡಾ. ಮೆಡ್.’ ಮಾಡಿದರೆ, ಅದು ಅಲ್ಲಿ ಪ್ರತ್ಯೇಕ ಪ್ರಬಂಧ ಬರೆದು ಪಡೆಯುವ ಬಿರುದಾದ್ದರಿಂದ, ಇಲ್ಲದ ಪದವಿ ಕೊಟ್ಟಂತಾಗುತ್ತದೆ. ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ, ದುಂಡು ಮುದ್ರೆಯೊಳಗಿನ ಬರಹ, ಸಹಿ ಇದೆ ಎಂಬ ಸಂಗತಿ, ಮೂಲೆಯಲ್ಲಿ ಕೈಯಿಂದ ಗೀಚಿದ ಮಾತು ಎಲ್ಲವೂ ಅನುವಾದದಲ್ಲಿ ಬರಬೇಕು. ಓದಲಾಗದ ಮುದ್ರೆ ಇದ್ದರೆ ‘ಓದಲಾಗದ ಮುದ್ರೆ’ ಎಂದೇ ನಮೂದಿಸಬೇಕು.

ಎರಡು ಕಾಗದಗಳ ಆಯುಷ್ಯ ಒಂದೇ ಅಲ್ಲ. ಲಸಿಕೆಯ ದಾಖಲೆ ಹಳತಾಗುವುದಿಲ್ಲ, ಅದನ್ನು ಮೊದಲೇ ಅನುವಾದಿಸಿ ಇಟ್ಟುಕೊಳ್ಳಬಹುದು. ಫಿಟ್‌ನೆಸ್ ಪತ್ರ ಸಾಮಾನ್ಯವಾಗಿ ಮೂರು ತಿಂಗಳಿಗಿಂತ ಹಳೆಯದಾಗಿರಬಾರದು, ಲೆಕ್ಕ ಹಿಡಿಯುವುದು ವೈದ್ಯರು ಸಹಿ ಹಾಕಿದ ದಿನದಿಂದ, ಅನುವಾದದ ದಿನದಿಂದ ಅಲ್ಲ. ಜರ್ಮನ್ ಭಾಷಾ ಪರೀಕ್ಷೆಯ ಫಲಿತಾಂಶಕ್ಕೆ ಇನ್ನೂ ಕಾಯುತ್ತಿರುವವರು ಆ ಪತ್ರವನ್ನು ಎಲ್ಲ ಕಾಗದಗಳ ಕೊನೆಯಲ್ಲಿ ಮಾಡಿಸಿಕೊಂಡು, ಅನುವಾದಕ್ಕೆ ಬೇಕಾಗುವ ವಾರಗಳನ್ನೂ ಆ ಮೂರು ತಿಂಗಳೊಳಗೇ ಹಿಡಿಯಬೇಕಾಗುತ್ತದೆ.