ಕಂದು ಮುಖಕ್ಕೆ ನೀಲಿ ನೆರಳು ಬೀಳದಂತೆ

ಸಿನಿಮಾ ಪೋಸ್ಟರ್‌ಗಳಲ್ಲಿ ನೆರಳೆಲ್ಲ ಹಸಿರು ಬೆರೆತ ನೀಲಿ, ಮುಖಗಳೆಲ್ಲ ಕಿತ್ತಳೆ ಆಗಿರುವುದನ್ನು ನೀವು ನೋಡಿರುತ್ತೀರಿ. ಇದೇ ಟೀಲ್ ಅಂಡ್ ಆರೆಂಜ್. ಚರ್ಮ ಬೆಳ್ಳಗಿರಲಿ ಕಪ್ಪಗಿರಲಿ, ಅದರ ಮೂಲ ಛಾಯೆ ಕಿತ್ತಳೆಯ ಆಸುಪಾಸಿನದೇ. ವರ್ಣಚಕ್ರದಲ್ಲಿ ಟೀಲ್ ಅದರ ಎದುರಿಗಿದೆ. ಹಾಗಾಗಿ ಹಿನ್ನೆಲೆಗೆ ಟೀಲ್ ಕೊಟ್ಟರೆ ಮುಖ ಎದ್ದು ಕಾಣುತ್ತದೆ. ಇಡೀ ದೃಶ್ಯಕ್ಕೆ ಸಂಜೆಯ ತಂಪೂ ಬರುತ್ತದೆ.

ಲೈಟ್‌ರೂಮ್‌ನಲ್ಲಿ ಈ ಕೆಲಸ ಮಾಡುವುದು 2020ರಲ್ಲಿ ಬಂದ ಕಲರ್ ಗ್ರೇಡಿಂಗ್ ಪ್ಯಾನೆಲ್. ಅದರಲ್ಲಿ ಶ್ಯಾಡೋಸ್, ಮಿಡ್‌ಟೋನ್ಸ್, ಹೈಲೈಟ್ಸ್ ಎಂದು ಮೂರು ಬಣ್ಣದ ಚಕ್ರಗಳಿವೆ. ಈ ಚಕ್ರಗಳಿಗೆ ಯಾವುದು ಮುಖ, ಯಾವುದು ಗೋಡೆ ಎಂಬುದು ಗೊತ್ತಾಗುವುದಿಲ್ಲ. ಅವು ನೋಡುವುದು ಬೆಳಕು ಎಷ್ಟಿದೆ ಎಂಬುದನ್ನು ಮಾತ್ರ. ಬಿಳಿ ಚರ್ಮದವರ ಚಿತ್ರಕ್ಕೆಂದು ಕೊಟ್ಟ ಅಂಕಿಗಳನ್ನು ನಮ್ಮವರ ಚಿತ್ರಕ್ಕೆ ಹಾಗೇ ಹಾಕಿದರೆ ಕೆಡುವುದು ಇದರಿಂದಲೇ. ಕಂದು ಮುಖದ ನೆರಳಿನ ಮಗ್ಗುಲು ಶ್ಯಾಡೋಸ್ ಪಾಲಿಗೆ ಹೋಗುತ್ತದೆ, ಟೀಲ್ ಬಿದ್ದು ಕಳೆಗುಂದುತ್ತದೆ.

ಸಂಜೆಗತ್ತಲಲ್ಲಿ ತೆಗೆದ ಟೀ ಅಂಗಡಿಯ ಫೋಟೋ ಒಂದಿದೆ ಎಂದುಕೊಳ್ಳಿ. ಮೇಲೊಂದು ಹಳದಿ ಬಲ್ಬು, ಅದರ ಕೆಳಗೆ ಟೀ ಸೋಸುತ್ತಿರುವ ಅಂಗಡಿಯವರು, ಹಿಂದೆ ನೀಲಿಗಟ್ಟಿದ ರಸ್ತೆ. ಮೊದಲು ವೈಟ್ ಬ್ಯಾಲೆನ್ಸ್ ಸರಿಮಾಡಿ. ಬಲ್ಬಿನ ಹಳದಿ ಪೂರ್ತಿ ಹೋಗಬಾರದು. ಆಮೇಲೆ ಶ್ಯಾಡೋಸ್‌ನಲ್ಲಿ ಹ್ಯೂ 195ರ ಹತ್ತಿರ, ಸ್ಯಾಚುರೇಶನ್ 20. ಹೈಲೈಟ್ಸ್‌ನಲ್ಲಿ ಹ್ಯೂ 38, ಸ್ಯಾಚುರೇಶನ್ 15. ಇವು ಆರಂಭಕ್ಕಷ್ಟೇ. ಕೆನ್ನೆ ಬೂದಿಬಣ್ಣಕ್ಕೆ ತಿರುಗಿದರೆ ಬ್ಯಾಲೆನ್ಸ್ ಸ್ಲೈಡರನ್ನು ಬಲಕ್ಕೆ, ಸುಮಾರು 20ರವರೆಗೆ ಸರಿಸಿ. ಆಗ ಹೈಲೈಟ್ಸ್‌ನ ಪ್ರಭಾವ ಹೆಚ್ಚಿ ಟೀಲ್ ಕಡು ನೆರಳಿಗೆ ಹಿಮ್ಮೆಟ್ಟುತ್ತದೆ. ಬ್ಲೆಂಡಿಂಗ್ ಅನ್ನು 50ರಿಂದ ಇಳಿಸಿದರೆ ಎರಡು ಬಣ್ಣಗಳೂ ಒಂದರೊಳಗೊಂದು ಕಲೆಸುವುದು ಕಡಿಮೆಯಾಗುತ್ತದೆ. ಇಷ್ಟಾದರೂ ಮುಖ ಸರಿಹೋಗದಿದ್ದರೆ ಮಾಸ್ಕಿಂಗ್‌ನ ಪೀಪಲ್ ಆಯ್ಕೆಯಲ್ಲಿ ಮುಖದ ಚರ್ಮವನ್ನಷ್ಟೇ ಆರಿಸಿ, ಟೆಂಪ್ ಸ್ಲೈಡರನ್ನು ಹಳದಿಯ ಕಡೆಗೆ ಕೊಂಚ ತಳ್ಳಿ.

ಬಣ್ಣ ಅತಿಯಾಯಿತೇ ಎಂದು ತಿಳಿಯಲು ಮುಖದ ಜೊತೆಗೆ ಕಣ್ಣಿನ ಬಿಳಿ, ಹಲ್ಲು, ಕಪ್ಪು ಕೂದಲು ನೋಡಿ. ಕೂದಲು ನವಿಲುಬಣ್ಣಕ್ಕೆ ತಿರುಗಿದ್ದರೆ ಶ್ಯಾಡೋಸ್ ಸ್ಯಾಚುರೇಶನ್ ಹೆಚ್ಚಾಯಿತು ಎಂದೇ ಅರ್ಥ. ನನ್ನ ಮಟ್ಟಿಗೆ 25 ದಾಟಿದರೆ ಫೋಟೋ ಉಳಿಯುವುದಿಲ್ಲ, ಬಣ್ಣ ಮಾತ್ರ ಉಳಿಯುತ್ತದೆ.

ಎಲ್ಲ ದೃಶ್ಯಕ್ಕೂ ಇದು ಒಗ್ಗುವುದಿಲ್ಲ. ಬೆಚ್ಚನೆಯ ಬೆಳಕು, ತಂಪು ನೆರಳು ಎರಡೂ ಮೊದಲೇ ಇರುವ ಚಿತ್ರದಲ್ಲಿ ಇದು ಚೆನ್ನಾಗಿ ಕೂರುತ್ತದೆ. ನಡುಹಗಲಿನ ಅಡಿಕೆ ತೋಟಕ್ಕೆ ಹಾಕಿದರೆ ಹಸಿರು ಸತ್ತು ಎಲೆಗಳು ಒಣಗಿದಂತೆ ಕಾಣುತ್ತವೆ. ಅಂಥ ಚಿತ್ರವನ್ನು ಅದರ ಹಸಿರಿಗೇ ಬಿಟ್ಟುಬಿಡಿ.