ಗೆದ್ದದ್ದು ರ್‍ಯಾಂಕರೋ, ಅದೃಷ್ಟವೋ?

ಒಂದು ಕನ್ನಡ ಪತ್ರಿಕೆಯ ಹಳೆಯ ಸಂಚಿಕೆಗಳೆಲ್ಲ ಕಂಪ್ಯೂಟರ್ ಸೇರಿವೆ, ಅವುಗಳಲ್ಲಿ ಬೇಕಾದ ಲೇಖನವನ್ನು ಹುಡುಕುವ ಏರ್ಪಾಡೂ ಇದೆ ಎಂದುಕೊಳ್ಳೋಣ. ನಾವು ಟೈಪ್ ಮಾಡುವ ಪ್ರಶ್ನೆಗೆ ಯಾವ ಲೇಖನ ಮೊದಲು ಬರಬೇಕು, ಯಾವುದು ಆಮೇಲೆ ಎಂದು ನಿರ್ಧರಿಸುವ ಭಾಗಕ್ಕೆ ರ್‍ಯಾಂಕರ್ ಎನ್ನುತ್ತಾರೆ. ಇಲ್ಲಿನ ಹಳೆಯ ರ್‍ಯಾಂಕರ್ ಪದವನ್ನು ಇದ್ದ ಹಾಗೇ ಹುಡುಕುತ್ತದೆ. ‘ಕೆರೆ’ ಎಂದು ಕೇಳಿದರೆ ‘ಕೆರೆಯಲ್ಲಿ’, ‘ಕೆರೆಗಳ’ ಎಂದಿರುವ ಲೇಖನಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಹೊಸದು ವಿಭಕ್ತಿ ಪ್ರತ್ಯಯಗಳನ್ನು ಕಳಚಿ ಹುಡುಕುತ್ತದೆ. ಹಾಗಾಗಿ ಹೆಚ್ಚಿನ ಪ್ರಶ್ನೆಗಳಿಗೆ ಲಾಭ. ಆದರೆ ‘ಮಲ್ಲಿಗೆ’ ಎಂದು ಕೇಳಿದಾಗ ಅದು ‘ಗೆ’ಯನ್ನೂ ಕಳಚಿಬಿಟ್ಟರೆ, ಹೂವಿನ ಲೇಖನಗಳ ನಡುವೆ ಮಲ್ಲಿ ಎಂಬ ಹೆಂಗಸರ ಕತೆಗಳೂ ಬಂದು ಕೂರುತ್ತವೆ.

ಲಾಭವೂ ಇದೆ, ನಷ್ಟವೂ ಇದೆ. ಒಟ್ಟಾರೆ ಹೊಸದು ಮೇಲೋ ಅಲ್ಲವೋ? ಇದನ್ನು ಅಳೆಯುವ ಕ್ರಮ 1960ರ ದಶಕದಲ್ಲಿ ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನಲ್ಲಿ ಸಿರಿಲ್ ಕ್ಲೆವರ್ಡನ್ ನಡೆಸಿದ ಪ್ರಯೋಗಗಳಿಂದ ಬಂದದ್ದು. ಒಂದಷ್ಟು ದಾಖಲೆಗಳು, ಒಂದಷ್ಟು ಪ್ರಶ್ನೆಗಳು, ಯಾವ ಪ್ರಶ್ನೆಗೆ ಯಾವ ದಾಖಲೆ ಸರಿಯಾದ ಉತ್ತರ ಎಂದು ಜನರು ಮೊದಲೇ ಗುರುತು ಹಾಕಿಟ್ಟ ಪಟ್ಟಿ: ಇಷ್ಟಿದ್ದರೆ ಯಾವ ರ್‍ಯಾಂಕರನ್ನು ಬೇಕಾದರೂ ಪರೀಕ್ಷಿಸಬಹುದು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 1992ರಲ್ಲಿ ಆರಂಭಿಸಿದ ‘ಟ್ರೆಕ್’ ಸ್ಪರ್ಧೆಗಳು ಇದೇ ಕ್ರಮವನ್ನು ದೊಡ್ಡದಾಗಿ ಬೆಳೆಸಿದವು. ಅಲ್ಲಿ ಸಾಮಾನ್ಯವಾಗಿ 50 ಪ್ರಶ್ನೆಗಳಿರುತ್ತಿದ್ದವು. ಸರಿಯಾದ ದಾಖಲೆಗಳು ಪಟ್ಟಿಯಲ್ಲಿ ಮೇಲಿದ್ದಷ್ಟೂ ಆ ಪ್ರಶ್ನೆಗೆ ಹೆಚ್ಚು ಅಂಕ. ಅಂಕ ಕೊಡುವ ಸೂತ್ರಗಳು ಹಲವು. ನಾವಿಲ್ಲಿ ಸೊನ್ನೆಯಿಂದ ನೂರರವರೆಗಿನ ಅಂಕ ಎಂದಷ್ಟೇ ಇಟ್ಟುಕೊಳ್ಳೋಣ.

ಲೆಕ್ಕ ಕೈಯಲ್ಲೇ ಮಾಡುವಂತಿರಲಿ ಎಂದು ಹತ್ತೇ ಪ್ರಶ್ನೆಗಳ ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಹಳೆಯ ರ್‍ಯಾಂಕರಿನ ಅಂಕಗಳು 62, 35, 80, 12, 48, 27, 91, 55, 40, 20. ಅದೇ ಪ್ರಶ್ನೆಗಳಿಗೆ ಹೊಸದರ ಅಂಕಗಳು 68, 39, 78, 20, 53, 30, 90, 62, 42, 17. ಹಳೆಯದರ ಸರಾಸರಿ 47, ಹೊಸದರದು 49.9. ಮೂರಕ್ಕೆ ಸ್ವಲ್ಪ ಕಡಿಮೆ ಅಂಕದ ಏರಿಕೆ. ಬೇರೆ ಹತ್ತು ಪ್ರಶ್ನೆಗಳನ್ನು ಆರಿಸಿಕೊಂಡಿದ್ದರೂ ಈ ಏರಿಕೆ ಕಾಣುತ್ತಿತ್ತೇ ಎಂಬುದು ನಮ್ಮ ಅನುಮಾನ.

ಇಲ್ಲಿ ಎಡವುವುದು ಸುಲಭ. ಎರಡು ಅಂಕಪಟ್ಟಿಗಳನ್ನು ಸಂಬಂಧವಿಲ್ಲದ ಎರಡು ಗುಂಪುಗಳೆಂದು ಭಾವಿಸಿ ಹೋಲಿಸಿದರೆ ಏನಾಗುತ್ತದೆ ನೋಡಿ. ಪ್ರತಿ ಪಟ್ಟಿಯಲ್ಲೂ ಅಂಕಗಳು ಹನ್ನೆರಡರ ಆಸುಪಾಸಿನಿಂದ ತೊಂಬತ್ತರವರೆಗೆ ಚೆದುರಿವೆ, ಪ್ರಮಾಣ ವಿಚಲನೆ ಸುಮಾರು 25. ಇಷ್ಟು ಏರಿಳಿತದ ನಡುವೆ ಮೂರು ಅಂಕದ ವ್ಯತ್ಯಾಸ ಮುಳುಗಿಯೇ ಹೋಗುತ್ತದೆ. ಲೆಕ್ಕ ಹಾಕಿದರೆ, ಎರಡರಲ್ಲಿ ಭೇದವೇ ಇಲ್ಲದಿದ್ದರೂ ಇಷ್ಟು ವ್ಯತ್ಯಾಸ ನೂರರಲ್ಲಿ ಸುಮಾರು ಎಂಬತ್ತು ಸಲ ಬರಬಹುದು ಎಂದು ಉತ್ತರ ಸಿಗುತ್ತದೆ.

ಆದರೆ ಈ ಚೆದುರುವಿಕೆಗೆ ಕಾರಣ ರ್‍ಯಾಂಕರುಗಳಲ್ಲ, ಪ್ರಶ್ನೆಗಳು. ಏಳನೆಯ ಪ್ರಶ್ನೆ ಸುಲಭದ್ದು, ಎರಡಕ್ಕೂ ತೊಂಬತ್ತರ ಮೇಲೋ ಅದರ ಹತ್ತಿರವೋ ಅಂಕ ಬಂದಿದೆ. ನಾಲ್ಕನೆಯದು ಕಷ್ಟದ್ದು, ಎರಡೂ ಒದ್ದಾಡಿವೆ. ಒಂದೇ ಪ್ರಶ್ನೆಗೆ ಎರಡು ರ್‍ಯಾಂಕರುಗಳೂ ಉತ್ತರಿಸಿರುವುದರಿಂದ ಆ ಪ್ರಶ್ನೆಯ ಕಷ್ಟ ಇಬ್ಬರಿಗೂ ಸಮಾನ. ಒಂದರಿಂದ ಇನ್ನೊಂದನ್ನು ಕಳೆದರೆ ಅದು ತಾನಾಗಿಯೇ ಹೊರಟುಹೋಗುತ್ತದೆ. ಉಳಿಯುವುದು ಹತ್ತು ವ್ಯತ್ಯಾಸಗಳು ಮಾತ್ರ: +6, +4, −2, +8, +5, +3, −1, +7, +2, −3. ಇವುಗಳ ಪ್ರಮಾಣ ವಿಚಲನೆ ನಾಲ್ಕಕ್ಕೂ ಕಡಿಮೆ. ಜೋಡಿ ಪರೀಕ್ಷೆ ಎಂದರೆ ಇಷ್ಟೇ: ಪ್ರಶ್ನೆಗೊಂದರಂತೆ ಜೋಡಿ ಮಾಡಿ, ವ್ಯತ್ಯಾಸಗಳನ್ನು ಮಾತ್ರ ನೋಡುವುದು. ಪೈಥಾನ್‌ನಲ್ಲಿ ಲೆಕ್ಕ ಮಾಡುವವರು `ttest_rel` ಬದಲು `ttest_ind` ಎಂದು ಬರೆದರೆ ಜೋಡಿ ಮುರಿದು ಮೊದಲಿನ ಎಂಬತ್ತರ ಉತ್ತರವೇ ಬರುತ್ತದೆ. ದೋಷಸೂಚನೆ ಏನೂ ಬರುವುದಿಲ್ಲ.

ಈಗ ಅದೃಷ್ಟದ ಪಾಲನ್ನು ಅಳೆಯಬೇಕು. ಎರಡು ರ್‍ಯಾಂಕರುಗಳಲ್ಲಿ ನಿಜವಾದ ಭೇದವೇ ಇಲ್ಲ ಎಂದು ವಾದಕ್ಕೆ ಒಪ್ಪೋಣ. ಹಾಗಿದ್ದರೆ ಮೊದಲನೆಯ ಪ್ರಶ್ನೆಯಲ್ಲಿ 68 ಹೊಸದಕ್ಕೆ, 62 ಹಳೆಯದಕ್ಕೆ ಬಂದದ್ದು ಆಕಸ್ಮಿಕ. ತಿರುಗುಮುರುಗಾಗಿಯೂ ಬರಬಹುದಿತ್ತು, ಆಗ +6 ಬದಲು −6 ಇರುತ್ತಿತ್ತು. ಪ್ರತಿ ಪ್ರಶ್ನೆಗೂ ನಾಣ್ಯ ಚಿಮ್ಮಿ ಚಿಹ್ನೆ ಹಾಕಿದಂತೆ. ಹತ್ತು ಪ್ರಶ್ನೆಗಳಿಗೆ ಹೀಗೆ ಚಿಹ್ನೆ ಹಾಕುವ ರೀತಿಗಳು ಒಟ್ಟು 1024. ನಮಗೆ ಸಿಕ್ಕಿರುವ ವ್ಯತ್ಯಾಸಗಳ ಮೊತ್ತ 29. ಈ 1024 ರೀತಿಗಳಲ್ಲಿ ಎಷ್ಟರಲ್ಲಿ ಮೊತ್ತ 29 ಅಥವಾ ಅದಕ್ಕಿಂತ ಹೆಚ್ಚಾಗುತ್ತದೆ ಎಂದು ಎಣಿಸಿದರೆ 28. ಹಳೆಯದೇ ಅಷ್ಟು ಅಂತರದಿಂದ ಗೆದ್ದಂತೆ ಕಾಣುವ ರೀತಿಗಳೂ 28. ಎರಡೂ ಸೇರಿ 56. ಅಂದರೆ ಭೇದವೇ ಇಲ್ಲದಿದ್ದಾಗಲೂ ಇಷ್ಟು ದೊಡ್ಡ ಅಂತರ ಕಾಣಿಸುವ ಸಾಧ್ಯತೆ ಶೇ 5.5. ಇದಕ್ಕೆ ಪಿ-ಮೌಲ್ಯ ಎಂದು ಹೆಸರು. ಇದು ಶೇ 5ಕ್ಕಿಂತ ಕಡಿಮೆಯಿದ್ದರೆ ವ್ಯತ್ಯಾಸವನ್ನು ‘ಗಣನೀಯ’ ಎಂದು ಕರೆಯುವುದು ರೂಢಿ.

ಹಾಗಾದರೆ ನಮ್ಮ ಹೊಸ ರ್‍ಯಾಂಕರ್ ಕೂದಲೆಳೆಯಲ್ಲಿ ಸೋತಿತೇ? ಇದೇ ಹತ್ತು ವ್ಯತ್ಯಾಸಗಳನ್ನು ಹೆಚ್ಚು ಬಳಕೆಯಲ್ಲಿರುವ ಟಿ-ಪರೀಕ್ಷೆಗೆ ಹಾಕಿ ನೋಡಿ. ಸರಾಸರಿ 2.9, ಅದರ ಪ್ರಮಾಣ ದೋಷ ಸುಮಾರು 1.2. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸುಮಾರು 2.4. ಪಿ-ಮೌಲ್ಯ ಸುಮಾರು ಶೇ 4. ಈ ಪರೀಕ್ಷೆಯ ಪ್ರಕಾರ ಹೊಸದು ಗೆದ್ದಿದೆ!

ಈ ವಿಚಿತ್ರ ಹೊಸದೇನಲ್ಲ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1935ರಲ್ಲಿ ಪ್ರಕಟಿಸಿದ ‘ದಿ ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್’ ಪುಸ್ತಕದಲ್ಲಿ ಚಾರ್ಲ್ಸ್ ಡಾರ್ವಿನ್ ಬೆಳೆದ ಮೆಕ್ಕೆಜೋಳದ ಅಳತೆಗಳನ್ನು ತೆಗೆದುಕೊಂಡ. ಪರಕೀಯ ಪರಾಗಸ್ಪರ್ಶದ ಒಂದು ಗಿಡ, ಸ್ವಕೀಯ ಪರಾಗಸ್ಪರ್ಶದ ಒಂದು ಗಿಡ, ಹೀಗೆ 15 ಜೋಡಿ. ಪ್ರತಿ ಜೋಡಿಯ ಎತ್ತರದ ವ್ಯತ್ಯಾಸಕ್ಕೆ ಚಿಹ್ನೆ ತಿರುಗಿಸುತ್ತ ಹೋದರೆ 32,768 ರೀತಿಗಳು. ಅವುಗಳಲ್ಲಿ 1,726ರಲ್ಲಿ ಅಂತರ ಡಾರ್ವಿನ್‌ಗೆ ಸಿಕ್ಕಷ್ಟೋ ಅದಕ್ಕಿಂತ ಹೆಚ್ಚೋ ಇತ್ತು, ಅಂದರೆ ಶೇ 5.27. ಟಿ-ಪರೀಕ್ಷೆ ಕೊಟ್ಟ ಉತ್ತರ ಶೇ 4.97. ಶೇ 5ರ ಗೆರೆಯ ಆಚೆಗೊಂದು, ಈಚೆಗೊಂದು. ಫಿಶರ್ ಇದರಿಂದ ಕಂಡದ್ದು ಎರಡು ಪರೀಕ್ಷೆಗಳ ಜಗಳವನ್ನಲ್ಲ, ಅವು ಎಷ್ಟು ಹತ್ತಿರದ ಉತ್ತರ ಕೊಡುತ್ತವೆ ಎಂಬುದನ್ನು. ಶೇ 5.5 ಮತ್ತು ಶೇ 4 ಹೇಳುವುದು ಬಹುಪಾಲು ಒಂದೇ ಮಾತು: ಸಾಕ್ಷ್ಯವಿದೆ, ಆದರೆ ಗಟ್ಟಿಯಾಗಿಲ್ಲ. ಗೆರೆಯ ಈಚೆ ಬಂತೆಂದು ಹಬ್ಬ ಮಾಡುವುದೂ ಆಚೆ ಹೋಯಿತೆಂದು ಎಸೆಯುವುದೂ ಎರಡೂ ತಪ್ಪು.

ಪ್ರಶ್ನೆಗಳು ಐವತ್ತಾದರೆ ಈ ಅಂತರವೂ ಕಿರಿದಾಗುತ್ತದೆ. ಮಾರ್ಕ್ ಸ್ಮಕರ್, ಜೇಮ್ಸ್ ಆಲನ್, ಬೆನ್ ಕಾರ್ಟರೆಟ್ ಎಂಬ ಮೂವರು 2007ರಲ್ಲಿ ಟ್ರೆಕ್‌ನ ಹಳೆಯ ಫಲಿತಾಂಶಗಳ ಮೇಲೆ ಹಲವು ಪರೀಕ್ಷೆಗಳನ್ನು ಪಕ್ಕಪಕ್ಕದಲ್ಲಿ ಓಡಿಸಿದರು. ಚಿಹ್ನೆ ತಿರುಗಿಸುವ ಪರೀಕ್ಷೆ ಮತ್ತು ಟಿ-ಪರೀಕ್ಷೆ ಹೆಚ್ಚುಕಡಿಮೆ ಒಂದೇ ತೀರ್ಪು ಕೊಟ್ಟವು. ಗೆಲುವು–ಸೋಲುಗಳನ್ನು ಮಾತ್ರ ಎಣಿಸುವ ಚಿಹ್ನೆ ಪರೀಕ್ಷೆಯನ್ನೂ, ವ್ಯತ್ಯಾಸಗಳನ್ನು ಕ್ರಮಾಂಕಕ್ಕೆ ಇಳಿಸುವ ವಿಲ್ಕಾಕ್ಸನ್ ಪರೀಕ್ಷೆಯನ್ನೂ ಈ ಕೆಲಸಕ್ಕೆ ಬಿಟ್ಟುಬಿಡಿ ಎಂದು ಅವರು ಸಲಹೆ ಕೊಟ್ಟರು. ಕಾರಣ ನಮ್ಮ ಉದಾಹರಣೆಯಲ್ಲೇ ಇದೆ. ಹೊಸದು ಏಳು ಪ್ರಶ್ನೆಗಳಲ್ಲಿ ಗೆದ್ದು ಮೂರರಲ್ಲಿ ಸೋತಿದೆ. ಇಷ್ಟನ್ನೇ ನೋಡಿದರೆ ಪಿ-ಮೌಲ್ಯ ಶೇ 34. ಗೆದ್ದದ್ದು ಎಂಟು ಅಂಕದಿಂದ, ಸೋತದ್ದು ಒಂದೇ ಅಂಕದಿಂದ ಎಂಬ ಸಂಗತಿಯನ್ನೇ ಚಿಹ್ನೆ ಪರೀಕ್ಷೆ ಎಸೆದುಬಿಡುತ್ತದೆ.

ಸರಾಸರಿ ಮೋಸ ಮಾಡುವ ಬಗೆಯನ್ನೂ ಒಮ್ಮೆ ನೋಡಬೇಕು. ಒಂದೇ ಪ್ರಶ್ನೆಯಲ್ಲಿ ಹೊಸದು 32 ಅಂಕ ಮುಂದಿದ್ದು, ಉಳಿದ ಒಂಬತ್ತರಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಏರಿಳಿದು ಒಟ್ಟು ಮೂರು ಅಂಕ ಹಿಂದೆ ಬಿದ್ದಿದೆ ಎನ್ನಿ. ಮೊತ್ತ ಆಗಲೂ 29, ಸರಾಸರಿ ಏರಿಕೆ ಆಗಲೂ 2.9. ಆದರೆ ಚಿಹ್ನೆಗಳನ್ನು ತಿರುಗಿಸಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ರೀತಿಗಳಲ್ಲಿ ಇಷ್ಟೇ ದೊಡ್ಡ ಅಂತರ ಸಿಗುತ್ತದೆ. ಆ ಒಂದು ಪ್ರಶ್ನೆ ಯಾವ ಕಡೆ ಬಿದ್ದರೂ ಮೊತ್ತವನ್ನು ಅದೇ ಎಳೆದುಕೊಂಡು ಹೋಗುತ್ತದೆ. ಸರಾಸರಿಯನ್ನು ಮಾತ್ರ ಅಚ್ಚು ಮಾಡಿದ ವರದಿಯಲ್ಲಿ ಈ ಎರಡು ಸನ್ನಿವೇಶಗಳಿಗೆ ವ್ಯತ್ಯಾಸವೇ ಕಾಣದು. ಪ್ರಶ್ನೆಗೊಂದು ಕಂಬದಂತೆ ವ್ಯತ್ಯಾಸಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ನಕ್ಷೆ ಬರೆದರೆ ಒಂದೇ ನೋಟಕ್ಕೆ ತಿಳಿಯುತ್ತದೆ.

ಪಿ-ಮೌಲ್ಯಕ್ಕೆ ಇಲ್ಲದ ಅರ್ಥ ಹಚ್ಚುವುದೂ ಉಂಟು. ಶೇ 4 ಎಂದರೆ ‘ಹೊಸದು ಮೇಲಾಗಿರುವ ಸಾಧ್ಯತೆ ಶೇ 96’ ಎಂದಲ್ಲ. ಭೇದವಿಲ್ಲ ಎಂದು ಮೊದಲೇ ಒಪ್ಪಿಕೊಂಡು ಹಾಕಿದ ಲೆಕ್ಕ ಅದು, ಭೇದವಿದೆಯೋ ಇಲ್ಲವೋ ಎಂಬುದರ ಸಾಧ್ಯತೆಯನ್ನು ಅದು ಹೇಳಲಾರದು. ಗಣನೀಯ ಎಂದರೆ ದೊಡ್ಡದು ಎಂದೂ ಅಲ್ಲ. ಪ್ರಶ್ನೆಗಳ ಸಂಖ್ಯೆ ನಾಲ್ಕು ಪಟ್ಟಾದರೆ ಪ್ರಮಾಣ ದೋಷ ಅರ್ಧಕ್ಕಿಳಿಯುತ್ತದೆ. ಹತ್ತು ಸಾವಿರ ಪ್ರಶ್ನೆಗಳನ್ನು ಇಟ್ಟುಕೊಂಡವರಿಗೆ ಸರಾಸರಿ ಅಂಕದ ಹತ್ತನೇ ಒಂದು ಭಾಗದ ಏರಿಕೆಯೂ ಗಣನೀಯವಾಗಬಹುದು, ಓದುಗನಿಗೆ ಅದು ಗೊತ್ತೇ ಆಗದಿರಬಹುದು. ಅದಕ್ಕೇ ಪಿ-ಮೌಲ್ಯದ ಜೊತೆ ಅಂತರದ ವ್ಯಾಪ್ತಿಯನ್ನೂ ಕೊಡುವುದು ಒಳ್ಳೆಯದು. ನಮ್ಮ ಉದಾಹರಣೆಯಲ್ಲಿ ಶೇ 95ರ ವ್ಯಾಪ್ತಿ 0.15ರಿಂದ 5.65 ಅಂಕ. ಏರಿಕೆ ಇಲ್ಲವೆನ್ನುವಷ್ಟು ಚಿಕ್ಕದೂ ಇರಬಹುದು, ಐದು ಅಂಕಕ್ಕಿಂತ ಹೆಚ್ಚೂ ಇರಬಹುದು. ಹತ್ತು ಪ್ರಶ್ನೆ ಸಾಲದು ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಎಲ್ಲಕ್ಕಿಂತ ಹೆಚ್ಚು ಕಾಡುವ ತಪ್ಪು ಲೆಕ್ಕದೊಳಗೆ ಇರುವುದಿಲ್ಲ, ಲೆಕ್ಕಕ್ಕೆ ಮುಂಚೆ ಆಗಿರುತ್ತದೆ. ಪ್ರತ್ಯಯ ಕಳಚುವ ಇಪ್ಪತ್ತು ಬಗೆಗಳನ್ನು ಅದೇ ಪ್ರಶ್ನೆಗಳ ಮೇಲೆ ಪರೀಕ್ಷಿಸಿ, ಚೆನ್ನಾಗಿ ಬಂದ ಒಂದನ್ನು ಮಾತ್ರ ವರದಿ ಮಾಡಿದರೆ ಶೇ 5ರ ಗೆರೆಗೆ ಬೆಲೆಯಿಲ್ಲ. ಇಪ್ಪತ್ತೂ ನಿಷ್ಪ್ರಯೋಜಕವಾಗಿದ್ದು ಒಂದಕ್ಕೊಂದು ಸಂಬಂಧವಿಲ್ಲದಿದ್ದರೂ, ಅವುಗಳಲ್ಲಿ ಕನಿಷ್ಠ ಒಂದು ಗಣನೀಯವಾಗಿ ಕಾಣುವ ಸಾಧ್ಯತೆ ಶೇ 64. ಇದಕ್ಕೆ ಮದ್ದು, ಆಯ್ಕೆ ಮಾಡಲು ಒಂದು ಪ್ರಶ್ನೆಗುಂಪು, ಪರೀಕ್ಷೆಗೆ ಮುಟ್ಟದೆ ಇಟ್ಟ ಇನ್ನೊಂದು. ಮುಟ್ಟದ ಆ ಗುಂಪಿನಲ್ಲಿ ಊರ ಹೆಸರು, ಬೆಳೆ, ವ್ಯಕ್ತಿ, ಹಳೆಯ ಘಟನೆ ಎಂದು ಓದುಗರು ನಿಜವಾಗಿ ಕೇಳುವ ಬಗೆಬಗೆಯ ಪ್ರಶ್ನೆಗಳಿರಬೇಕು. ಊರ ಹೆಸರುಗಳಷ್ಟೇ ಇದ್ದರೆ ಪಿ-ಮೌಲ್ಯ ಎಷ್ಟೇ ಚಿಕ್ಕದಿರಲಿ, ಗೆಲುವು ಊರ ಹೆಸರುಗಳ ಮಟ್ಟಿಗೆ ಮಾತ್ರ.